ಒಂದೇ ಗಿರಣಿ, ಎರಡು ಲೆಕ್ಕದ ಪುಸ್ತಕ: ಪಿ/ಬಿ ಅನುಪಾತದ ಒಂದು ಪ್ರಕರಣ

ಇದು ಕೊಪ್ಪಳ ಜಿಲ್ಲೆಯ ಗಂಗಾವತಿ ಭಾಗದ ಒಂದು ಅಕ್ಕಿ ಗಿರಣಿ ಕುಟುಂಬದ ಪ್ರಕರಣ. ಕುಟುಂಬದ ಹೆಸರನ್ನಾಗಲಿ ಅವರು ಷೇರು ಕೊಂಡ ಕಂಪನಿಗಳ ಹೆಸರನ್ನಾಗಲಿ ಕೊಟ್ಟಿಲ್ಲ. ಕಂಪನಿಗಳನ್ನು ಅ, ಆ, ಇ, ಈ ಎಂದು ಕರೆದಿದ್ದೇವೆ. ಅಂಕಿಗಳನ್ನು ಲೆಕ್ಕ ಹಿಡಿಯಲು ಅನುಕೂಲವಾಗುವಂತೆ ದುಂಡಾಗಿಸಿದ್ದೇವೆ.

ಹಿನ್ನೆಲೆ

ತಂದೆ ಮೂವತ್ತು ವರ್ಷಗಳಿಂದ ಸೋನಾ ಮಸೂರಿ ಗಿರಣಿ ನಡೆಸುತ್ತಿದ್ದಾರೆ. ಮಗ ಎಂಜಿನಿಯರಿಂಗ್ ಓದಿ ಬೆಂಗಳೂರಿನಲ್ಲಿ ಕೆಲ ಕಾಲ ಕೆಲಸ ಮಾಡಿ ಊರಿಗೆ ಮರಳಿದವರು. ಪಟ್ಟಣದಲ್ಲಿದ್ದ ಒಂದು ನಿವೇಶನ ಮಾರಿದಾಗ ಬಂದ ಹಣದಲ್ಲಿ 35 ಲಕ್ಷವನ್ನು ಷೇರಿಗೆ ಹಾಕುವುದೆಂದು ಮನೆಯಲ್ಲಿ ಮಾತಾಯಿತು. ಆಯ್ಕೆಯ ಹೊಣೆ ಮಗನದು.

ಅವರು ಹಿಡಿದ ದಾರಿ ಸರಳವಾಗಿತ್ತು. ಕಂಪನಿಯ ಎಲ್ಲ ಆಸ್ತಿಯಿಂದ ಎಲ್ಲ ಸಾಲ ಕಳೆದರೆ ಉಳಿಯುವುದು ನಿವ್ವಳ ಮೌಲ್ಯ. ಅದನ್ನು ಷೇರುಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಷೇರಿನ ಪುಸ್ತಕ ಮೌಲ್ಯ ಸಿಗುತ್ತದೆ. ಪೇಟೆಯ ಬೆಲೆಯನ್ನು ಈ ಪುಸ್ತಕ ಮೌಲ್ಯದಿಂದ ಭಾಗಿಸಿದರೆ ಬರುವುದೇ ಪಿ/ಬಿ ಅನುಪಾತ. ಅನುಪಾತ 1ಕ್ಕಿಂತ ಕಡಿಮೆ ಇದ್ದರೆ ನೂರು ರೂಪಾಯಿಯ ಆಸ್ತಿ ನೂರಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತಿದೆ ಎಂದು ಮಗ ಅರ್ಥ ಮಾಡಿಕೊಂಡರು. ಮೊಬೈಲಿನಲ್ಲಿ 1ಕ್ಕಿಂತ ಕಡಿಮೆ ಪಿ/ಬಿ ಇರುವ ಕಂಪನಿಗಳನ್ನು ಸೋಸಿ ತೆಗೆದರು.

ಆ ಪಟ್ಟಿಯಿಂದ ಎರಡನ್ನು ಆರಿಸಿದರು. ಅ ಎಂಬುದು ಸ್ಪಾಂಜ್ ಐರನ್ ಮತ್ತು ಉಕ್ಕಿನ ಸರಳು ಮಾಡುವ ಕಂಪನಿ. ಅದರ ಷೇರಿನ ಪುಸ್ತಕ ಮೌಲ್ಯ 188 ರೂಪಾಯಿ, ಬೆಲೆ 75, ಪಿ/ಬಿ 0.4. ಆ ಎಂಬುದು ಹಳೆಯ ಖಾಸಗಿ ಬ್ಯಾಂಕು. ಪುಸ್ತಕ ಮೌಲ್ಯ 100 ರೂಪಾಯಿ, ಬೆಲೆ 60, ಪಿ/ಬಿ 0.6. ಎರಡಕ್ಕೂ 15 ಲಕ್ಷದಂತೆ ಹಾಕಿ, 5 ಲಕ್ಷವನ್ನು ಬೆಲೆ ಇಳಿದರೆ ಇನ್ನಷ್ಟು ಕೊಳ್ಳಲೆಂದು ಕೈಯಲ್ಲಿಟ್ಟುಕೊಂಡರು.

ನೋಡಿ ಬಿಟ್ಟ ಕಂಪನಿಗಳೂ ಎರಡಿದ್ದವು. 1.3 ಪಿ/ಬಿ ಇದ್ದ ಇ ಎಂಬ ಬ್ಯಾಂಕು ಅವರ ಕಣ್ಣಿಗೆ ದುಬಾರಿಯಾಗಿ ಕಂಡಿತು. ಸಾಫ್ಟ್‌ವೇರ್ ಸೇವೆ ಕೊಡುವ ಈ ಎಂಬ ಕಂಪನಿಯ ಪಿ/ಬಿ 8 ಇತ್ತು. ಅದರ ವಿಷಯ ಮಾತಿಗೂ ಬರಲಿಲ್ಲ. ಅಂದರೆ ಉಕ್ಕು, ಬ್ಯಾಂಕು, ಸಾಫ್ಟ್‌ವೇರ್ ಮೂರನ್ನೂ ಒಂದೇ ಸೇರಿನಲ್ಲಿ ಅಳೆದಿದ್ದರು. ಮುಂದಿನ ತೊಡಕೆಲ್ಲ ಇಲ್ಲಿಂದ ಹುಟ್ಟಿತು.

ಸಮಸ್ಯೆ

ಹದಿನಾಲ್ಕು ತಿಂಗಳಲ್ಲಿ ಆ ಬ್ಯಾಂಕಿನ ಷೇರು 50 ರೂಪಾಯಿಗೆ ಇಳಿಯಿತು. ಪುಸ್ತಕ ಮೌಲ್ಯ ಮಾತ್ರ 100ರಲ್ಲೇ ಇತ್ತು. ಪಿ/ಬಿ 0.5 ಆಯಿತು, ಅಂದರೆ ಮಗನ ಲೆಕ್ಕದಲ್ಲಿ ಸರಕು ಇನ್ನೂ ಸೋವಿಯಾಯಿತು. ಉಳಿಸಿಟ್ಟ 5 ಲಕ್ಷವನ್ನೂ ಇದಕ್ಕೇ ಹಾಕೋಣವೆಂದರು. ತಂದೆ ಒಪ್ಪಲಿಲ್ಲ. "ಗಿರಣಿ ಲೆಕ್ಕ ನೋಡೋ ಆಡಿಟರ್‌ಗೆ ಒಮ್ಮಿ ತೋರ್ಸು, ಆಮ್ಯಾಲ ನೋಡೂಣು" ಎಂದರು. ಈ ಪ್ರಕರಣದ ಮೊದಲ ತಿರುವು ಅದೇ.

ಆಡಿಟರ್ ಕಂಪನಿಗಳ ವಾರ್ಷಿಕ ವರದಿ ತೆರೆಯುವ ಮೊದಲು ಗಿರಣಿಯದೇ ಬ್ಯಾಲೆನ್ಸ್ ಶೀಟ್ ತೆಗೆದು ಮೇಜಿನ ಮೇಲಿಟ್ಟರು.

"ಸಾಹುಕಾರ್ರ, ನಿಮ್ಮ ಗಿರಣಿ ಪುಸ್ತಕ ಮೌಲ್ಯ 96 ಲಕ್ಷ ಐತ್ರಿ. ಅಷ್ಟಕ್ಕ ಕೊಡ್ತೀರೇನು?"

"ಅದೆಂಗ ಕೊಡ್ಲಿಕ್ಕಾಗ್ತದ್ರಿ? ಜಾಗಾನ ಮೂರು ಕೋಟಿ ಮ್ಯಾಲ ಬಾಳ್ತದ."

ಪುಸ್ತಕದಲ್ಲಿ ಗಿರಣಿಯ ಆರು ಎಕರೆ ಜಾಗ 3 ಲಕ್ಷ ಎಂದಿತ್ತು, ಏಕೆಂದರೆ 1996ರಲ್ಲಿ ಕೊಂಡಿದ್ದು ಅಷ್ಟಕ್ಕೆ. ಹನ್ನೆರಡು ವರ್ಷದ ಹಿಂದೆ 1.6 ಕೋಟಿ ಕೊಟ್ಟು ಹಾಕಿಸಿದ ಯಂತ್ರಗಳು ಪ್ರತಿ ವರ್ಷ ಶೇ. 15ರ ಸವಕಳಿ ಕಳೆದು 23 ಲಕ್ಷಕ್ಕೆ ಬಂದಿದ್ದವು. ಯಂತ್ರ ಇವತ್ತೂ ಮೊದಲಿನಷ್ಟೇ ಅಕ್ಕಿ ತೆಗೆಯುತ್ತದೆ. ಆದರೆ ಬಿಚ್ಚಿ ಮಾರಿದರೆ ಆ 23 ಲಕ್ಷವೂ ಬಂದೀತೆಂದು ಹೇಳುವಂತಿಲ್ಲ. ಕಟ್ಟಡ 20 ಲಕ್ಷ, ಭತ್ತ ಅಕ್ಕಿಯ ದಾಸ್ತಾನು ಮತ್ತು ಬರಬೇಕಾದ ಬಾಕಿ ಸೇರಿ 2 ಕೋಟಿ, ಅದರಲ್ಲಿ ದಾಸ್ತಾನಿನ ಮೇಲೆ ಬೇಕಾದಾಗ ತೆಗೆಯುವ ಬ್ಯಾಂಕಿನ ಸಿಸಿ ಸಾಲ 1.5 ಕೋಟಿ ಕಳೆಯಬೇಕು. ಇನ್ನು ಹೈದರಾಬಾದು, ಬೆಂಗಳೂರಿನ ವ್ಯಾಪಾರಿಗಳು ಚೀಲದ ಮೇಲಿನ ಗುರುತು ನೋಡಿಯೇ ಕ್ವಿಂಟಲಿಗೆ ನಾಲ್ಕು ಕಾಸು ಹೆಚ್ಚು ಕೊಡುವ ಹೆಸರಿದೆಯಲ್ಲ, ಅದಕ್ಕೆ ಪುಸ್ತಕದಲ್ಲಿ ಒಂದು ರೂಪಾಯಿಯೂ ಇಲ್ಲ.

ಹಾಗಾಗಿ 96 ಲಕ್ಷ ಎಂಬ ಅಂಕಿ ಒಂದು ಕಡೆ ಬಹಳ ಕಡಿಮೆ, ಇನ್ನೊಂದು ಕಡೆ ಬಹಳ ಹೆಚ್ಚು. ಸುಳ್ಳೇನೂ ಅಲ್ಲ, ಆದರೆ ಗಿರಣಿಯ ಬೆಲೆ ಹೇಳುವ ಕೆಲಸ ಅದರದ್ದಲ್ಲ. ಯಾವಾಗ ಎಷ್ಟು ಖರ್ಚಾಯಿತು, ಅದರಲ್ಲಿ ಎಷ್ಟು ಸವೆಯಿತು ಎಂಬ ದಾಖಲೆ ಅದು.

ಆಮೇಲೆ ಆಡಿಟರ್ ಕೇಳಿದ ಪ್ರಶ್ನೆಯೇ ಇಡೀ ಚರ್ಚೆಯ ಬುಡ: "ಇದ ಗಿರಣಿ ನಿಮಗ ಸಾಲ ಕೊಟ್ಟ ಬ್ಯಾಂಕಿನ ಪುಸ್ತಕದಾಗ ಎಷ್ಟಂತ ಐತ್ರಿ?"

ಒಂದೂವರೆ ಕೋಟಿ. ಜಾಗದ ಬೆಲೆ ಏರಲಿ, ಯಂತ್ರ ಹಳತಾಗಲಿ, ಬ್ಯಾಂಕಿಗೆ ಬರಬೇಕಾದ್ದು ಒಂದೂವರೆ ಕೋಟಿ ಅಸಲು ಮತ್ತು ಅದರ ಬಡ್ಡಿ. ಆ ಅಂಕಿಯಲ್ಲಿ 1996ರ ಬೆಲೆಯಿಲ್ಲ, ಸವಕಳಿಯ ಊಹೆಯಿಲ್ಲ. ಅದು ಇವತ್ತಿನ ರೂಪಾಯಿ. ಗಿರಣಿ ತಿಂಗಳು ತಿಂಗಳು ಸ್ಟಾಕ್ ಸ್ಟೇಟ್‌ಮೆಂಟ್ ಕೊಡುತ್ತದೆ, ಅದರ ಮೇಲೆ ಎಷ್ಟು ಹಣ ತೆಗೆಯಬಹುದೆಂದು ಬ್ಯಾಂಕು ಲೆಕ್ಕ ಹಾಕುತ್ತದೆ. ಬ್ಯಾಂಕಿನ ಆಸ್ತಿಯ ಬಹುಪಾಲು ಇಂಥ ಸಾವಿರಾರು ಖಾತೆಗಳು ಮತ್ತು ಸರ್ಕಾರಿ ಬಾಂಡುಗಳು. ಎದುರಿನ ಬದಿಯಲ್ಲಿರುವ ಠೇವಣಿಗಳೂ ರೂಪಾಯಿಯಲ್ಲೇ ಇವೆ. ರೂಪಾಯಿಯಲ್ಲಿ ರೂಪಾಯಿ ಕಳೆದು ಉಳಿದ ನಿವ್ವಳ ಮೌಲ್ಯಕ್ಕೆ ಅರ್ಥವಿರುತ್ತದೆ. ಜಾಗ, ಯಂತ್ರ, ಹೆಸರು ಎಲ್ಲ ಬೆರೆತ ಮೊತ್ತದಲ್ಲಿ ಸಾಲ ಕಳೆದು ಉಳಿದದ್ದಕ್ಕೆ ಅಷ್ಟು ಅರ್ಥವಿರುವುದಿಲ್ಲ.

ಎರಡನೆಯ ಕಾರಣ ಇನ್ನೂ ಗಟ್ಟಿ. ಗಿರಣಿಗೆ ಭತ್ತ ಹೇಗೋ ಬ್ಯಾಂಕಿಗೆ ಬಂಡವಾಳ ಹಾಗೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ವಾಣಿಜ್ಯ ಬ್ಯಾಂಕುಗಳು ಅಪಾಯಕ್ಕೆ ತಕ್ಕಂತೆ ತೂಗಿದ ಆಸ್ತಿಯ ಶೇ. 9ರಷ್ಟು ಬಂಡವಾಳ ಇಟ್ಟುಕೊಂಡಿರಲೇಬೇಕು. ಅದರ ಮೇಲೆ ಶೇ. 2.5ರ ಕಾಪು ಸೇರಿ ಶೇ. 11.5. ಬ್ಯಾಂಕಲ್ಲದ ಸಾಲ ಸಂಸ್ಥೆಗಳಾದ ಎನ್‌ಬಿಎಫ್‌ಸಿಗಳಲ್ಲಿ ದೊಡ್ಡವಕ್ಕೆ ಇದು ಶೇ. 15. ಬಂಡವಾಳ ಬೆಳೆಯದೆ ಸಾಲ ಬೆಳೆಯುವಂತಿಲ್ಲ, ಸಾಲ ಬೆಳೆಯದೆ ಬಡ್ಡಿ ಬೆಳೆಯುವಂತಿಲ್ಲ. ಹೀಗೆ ಬ್ಯಾಂಕಿನ ಗಳಿಕೆ ನೇರವಾಗಿ ಅದರ ಪುಸ್ತಕ ಮೌಲ್ಯಕ್ಕೆ ಕಟ್ಟಿಕೊಂಡಿದೆ. ಸಾಫ್ಟ್‌ವೇರ್ ಕಂಪನಿಗೆ ಇಂಥ ಕಟ್ಟಿಲ್ಲ. ಅದರ ನಿಜವಾದ ಆಸ್ತಿ ಕೆಲಸಗಾರರು ಮತ್ತು ಗ್ರಾಹಕರ ಒಪ್ಪಂದಗಳು, ಎರಡೂ ಪುಸ್ತಕದಲ್ಲಿಲ್ಲ. ಅದು ಕೈಯಲ್ಲಿನ ನಗದಿನಿಂದ ತನ್ನದೇ ಷೇರು ಮರಳಿ ಕೊಂಡರೆ ಪುಸ್ತಕ ಮೌಲ್ಯ ಇಳಿದು ಪಿ/ಬಿ ಏರುತ್ತದೆ, ವ್ಯವಹಾರದಲ್ಲಿ ಏನೂ ಬದಲಾಗದೆ. ಅದರ ಪಿ/ಬಿ 8 ಎಂಬುದು ದುಬಾರಿ ಎಂದೂ ಹೇಳುವುದಿಲ್ಲ, ಸೋವಿ ಎಂದೂ ಹೇಳುವುದಿಲ್ಲ.

ಅ ಕಂಪನಿಯ ವಿಷಯವೂ ಇಲ್ಲೇ ಬಗೆಹರಿಯಿತು. ಅದರ ಪುಸ್ತಕದ ಮುಕ್ಕಾಲು ಪಾಲು ಕುಲುಮೆಗಳು. ಕುಲುಮೆಯ ಬೆಲೆ ಎಂದರೆ ಅದು ಉರಿಯುವಾಗ ತರುವ ಲಾಭ. ಬಳ್ಳಾರಿ ಭಾಗದವರಿಗೆ ಇದನ್ನು ವಿವರಿಸಬೇಕಾಗಿಲ್ಲ: 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಅದಿರು ಸಿಗದ ಕುಲುಮೆಗಳ ಪುಸ್ತಕ ಮೌಲ್ಯ ಮರುದಿನವೂ ಹಿಂದಿನ ದಿನದಷ್ಟೇ ಇತ್ತು. ಕುಟುಂಬ ಷೇರು ಕೊಂಡಾಗ ಅ ಕಂಪನಿ ಅರ್ಧ ಸಾಮರ್ಥ್ಯದಲ್ಲಿ ಓಡುತ್ತಿತ್ತು, ಕಲ್ಲಿದ್ದಲಿನ ಖರ್ಚು ಕಳೆದರೆ ಬಡ್ಡಿ ಕಟ್ಟುವಷ್ಟೂ ಉಳಿಯುತ್ತಿರಲಿಲ್ಲ. ಪೇಟೆ 188 ರೂಪಾಯಿಯ ಕುಲುಮೆಯನ್ನು 75ಕ್ಕೆ ಮಾರುತ್ತಿರಲಿಲ್ಲ. ಅದು 188 ಬಾಳುವುದಿಲ್ಲ ಎಂದು ಹೇಳುತ್ತಿತ್ತು.

ಮಾಡಿ ನೋಡಿದ್ದು

ಹಾಗಾದರೆ ಬ್ಯಾಂಕಿನ 100 ರೂಪಾಯಿಯನ್ನು ಹಾಗೇ ನಂಬಬಹುದೇ? ಇಲ್ಲ. ಬ್ಯಾಂಕಿನ ಪುಸ್ತಕಕ್ಕೂ ಒಂದು ಕುರುಡು ಜಾಗವಿದೆ, ಮತ್ತು ಅದು ಎಲ್ಲಿದೆ ಎಂಬುದು ಮೊದಲೇ ಗೊತ್ತಿರುತ್ತದೆ. ಅದನ್ನೂ ಗಿರಣಿಯ ಖಾತೆಯ ಮೇಲೆಯೇ ತೋರಿಸಬಹುದು.

ಗಿರಣಿ ಬಡ್ಡಿ ತುಂಬುವುದು ನಿಲ್ಲಿಸಿತು ಎಂದಿಟ್ಟುಕೊಳ್ಳಿ. ಈ ಪ್ರಕರಣ ನಡೆದಾಗಿನ ನಿಯಮದಂತೆ, ಸರಿಯಾಗಿ ನಡೆಯುವ ಸಣ್ಣ ಉದ್ದಿಮೆಯ ಸಾಲಕ್ಕೆ, ಅದು ಮುಳುಗಿದರೆ ಇರಲೆಂದು, ಬ್ಯಾಂಕು ಲಾಭದಿಂದ ಎತ್ತಿಡಬೇಕಾದ ಹಣ ಶೇ. 0.25. ಒಂದೂವರೆ ಕೋಟಿಗೆ 37,500 ರೂಪಾಯಿ. ಬಾಕಿ ಬಿದ್ದು 90 ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲ ಆಗುತ್ತದೆ. ಆಗ ಅಡಮಾನವಿರುವ ಸಾಲಕ್ಕೆ ಶೇ. 15, ಅಂದರೆ 22.5 ಲಕ್ಷ ಎತ್ತಿಡಬೇಕು. ಒಂದು ವರ್ಷ ಹಾಗೇ ಇದ್ದರೆ ಶೇ. 25, ಮತ್ತೊಂದು ವರ್ಷಕ್ಕೆ ಶೇ. 40, ಹೀಗೆ ಏರುತ್ತ ಕೊನೆಗೆ ಪೂರ್ತಿ. ಅಡಮಾನದ ಬೆಲೆ ಸಾಲಕ್ಕಿಂತ ಕಡಿಮೆ ಇದ್ದರೆ ಆ ಕೊರತೆಯ ಭಾಗಕ್ಕೆ ಇದಕ್ಕಿಂತ ಬೇಗ ಪೂರ್ತಿ ಎತ್ತಿಡಬೇಕು.

ಗಮನಿಸಬೇಕಾದ್ದು 89ನೆಯ ದಿನ. ಅಂದು ಬ್ಯಾಂಕಿನ ಪುಸ್ತಕದಲ್ಲಿ ಆ ಸಾಲ ಹೆಚ್ಚುಕಡಿಮೆ ಪೂರ್ತಿ ಒಂದೂವರೆ ಕೋಟಿಯೇ. ಊರಿನ ದಲ್ಲಾಳಿಗಳಿಗೆಲ್ಲ ಗಿರಣಿ ಮುಳುಗಿದ್ದು ಗೊತ್ತಿರಬಹುದು, ಪುಸ್ತಕಕ್ಕೆ ಗೊತ್ತಿರುವುದಿಲ್ಲ. 91ನೆಯ ದಿನವೂ ಶೇ. 85 ಬಂದೇ ಬರುತ್ತದೆ ಎಂದು ಪುಸ್ತಕ ಎಣಿಸುತ್ತದೆ. ಈ ತಡವೇ ಬ್ಯಾಂಕಿನ ಪುಸ್ತಕ ಮೌಲ್ಯದ ದೋಷ. ಆದರೆ ಈ ದೋಷವನ್ನು ವಾರ್ಷಿಕ ವರದಿಯಿಂದಲೇ ತೆಗೆದು ಅಳೆಯಬಹುದು. ಕುಲುಮೆಯ ದೋಷವನ್ನು ಹಾಗೆ ಅಳೆಯಲು ಬರುವುದಿಲ್ಲ. ಪಿ/ಬಿ ಬ್ಯಾಂಕುಗಳಿಗೆ ಹೊಂದುವುದು ಅವುಗಳ ಪುಸ್ತಕ ಚೊಕ್ಕ ಎಂಬುದಕ್ಕಲ್ಲ, ಅದರ ಕೊಳೆ ಎಲ್ಲಿ ಕೂತಿದೆ ಎಂದು ಕಾಣುತ್ತದೆ ಎಂಬುದಕ್ಕೆ.

ಆ ಬ್ಯಾಂಕಿನ ನಿವ್ವಳ ಮೌಲ್ಯ 4,000 ಕೋಟಿ, ಷೇರುಗಳು 40 ಕೋಟಿ, ಕೊಟ್ಟ ಸಾಲ 40,000 ಕೋಟಿ. ಅಂದರೆ ಸಾಲದಲ್ಲಿ ನೂರಕ್ಕೆ ಒಂದು ರೂಪಾಯಿ ಮುಳುಗಿದರೂ ಮಾಲೀಕರ ಹಣದಲ್ಲಿ ಹತ್ತನೆಯ ಒಂದು ಪಾಲು ಹೋಗುತ್ತದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಆಡಿಟರ್ ಮತ್ತು ಮಗ ಸೇರಿ ವರದಿಯ ಹಿಂಬದಿಯ ಟಿಪ್ಪಣಿಗಳನ್ನು ಓದಿದರು. ಒಂದು ಮಧ್ಯಾಹ್ನದ ಕೆಲಸ ಅದು.

ಮೊದಲು ಎನ್‌ಪಿಎ. ಒಟ್ಟು 2,400 ಕೋಟಿ ಇತ್ತು. ಅದರಲ್ಲಿ 1,000 ಕೋಟಿ ಆಗಲೇ ಎತ್ತಿಟ್ಟಿದ್ದರು. ಉಳಿದ 1,400 ಕೋಟಿಯನ್ನು ಬ್ಯಾಂಕು ತನ್ನ ಆಸ್ತಿ ಎಂದೇ ಎಣಿಸಿತ್ತು. ಹಳೆಯ ಖಾತೆಗಳೇ ಹೆಚ್ಚಿದ್ದುದರಿಂದ ಅರ್ಧ ಮಾತ್ರ ಬಂದೀತೆಂದು ಹಿಡಿದು 700 ಕೋಟಿ ಕಳೆದರು.

ಆಮೇಲೆ ಇನ್ನೂ ಎನ್‌ಪಿಎ ಆಗದ, ಆದರೆ ಕಂತು ಮುಂದೂಡಿ ಹೊಸದಾಗಿ ಹೊಂದಿಸಿಕೊಟ್ಟ ಸಾಲಗಳು. ಇವು 1,600 ಕೋಟಿ. ಹತ್ತರಲ್ಲಿ ಮೂರು ಖಾತೆ ಜಾರುತ್ತವೆ, ಜಾರಿದ್ದರಲ್ಲಿ ಅರ್ಧ ಹೋಗುತ್ತದೆ ಎಂದು 240 ಕೋಟಿ ಕಳೆದರು. ಮುಖ್ಯ ಕಚೇರಿಯ ಕಟ್ಟಡದ ಬೆಲೆ ಏರಿತೆಂದು ಕಾಗದದ ಮೇಲೆ ಸೇರಿಸಿಕೊಂಡ ಮರುಮೌಲ್ಯಮಾಪನದ ಮೀಸಲು 300 ಕೋಟಿ ಇತ್ತು. ಆ ಕಟ್ಟಡವನ್ನು ಬ್ಯಾಂಕು ಮಾರುವುದಿಲ್ಲ, ಅದನ್ನೂ ತೆಗೆದರು. ಕೊನೆಯದು 260 ಕೋಟಿಯ ಮುಂದೂಡಿದ ತೆರಿಗೆ ಆಸ್ತಿ. ಮುಂದೆ ಲಾಭ ಬಂದರೆ ಅಷ್ಟು ತೆರಿಗೆ ಉಳಿಯುತ್ತದೆ ಎಂಬ ಹಕ್ಕು ಅದು. ಲಾಭವೇ ಬರದಿದ್ದರೆ ಅದಕ್ಕೆ ಬೆಲೆಯಿಲ್ಲ. ಇದೇ ಕಾರಣಕ್ಕೆ ಮೇಲಿನ ನಷ್ಟಗಳಿಂದ ಉಳಿಯಬಹುದಾದ ತೆರಿಗೆಯನ್ನೂ ಲೆಕ್ಕಕ್ಕೆ ತರಲಿಲ್ಲ.

ಒಟ್ಟು ಕಳೆದದ್ದು 1,500 ಕೋಟಿ. ಉಳಿದದ್ದು 2,500 ಕೋಟಿ, ಷೇರಿಗೆ 62.50 ರೂಪಾಯಿ. ಮಗ 60 ರೂಪಾಯಿಗೆ ಕೊಂಡಾಗ ಕೊಟ್ಟದ್ದು ಪುಸ್ತಕದ 0.6 ಪಟ್ಟಲ್ಲ, ಹೆಚ್ಚುಕಡಿಮೆ ಪೂರ್ತಿ ಬೆಲೆ. ಈಗಿನ 50 ರೂಪಾಯಿ ಕೂಡ 0.8 ಪಟ್ಟು.

"ಆತಲ್ರಿ, ಇನ್ನೂ ಶೇಕಡಾ ಇಪ್ಪತ್ತು ಸೋವಿ ಐತಿ" ಎಂದರು ಮಗ.

ಅದಕ್ಕೆ ಆಡಿಟರ್ ಎರಡನೆಯ ಲೆಕ್ಕ ಹಾಕಿಸಿದರು. ನಿಗದಿತ ಠೇವಣಿಯಲ್ಲಿ ನೂರು ರೂಪಾಯಿ ಇಟ್ಟವರಿಗೆ ಬಡ್ಡಿ ಶೇ. 8 ಬರುವ ಪೇಟೆಯಲ್ಲಿ ಅಸಲು ಎಂದೂ ಮರಳಿಸದೆ ವರ್ಷವರ್ಷ ಶೇ. 4 ಮಾತ್ರ ಕೊಡುವ ಬಾಂಡನ್ನು ಯಾರೂ ನೂರಕ್ಕೆ ಕೊಳ್ಳುವುದಿಲ್ಲ. ಐವತ್ತರ ಆಸುಪಾಸಿಗೆ ಕೊಳ್ಳುತ್ತಾರೆ. ಬ್ಯಾಂಕಿನ ಪುಸ್ತಕ ಮೌಲ್ಯಕ್ಕೂ ಅದೇ ಮಾತು. ಆ ಬ್ಯಾಂಕು ತನ್ನ ಬಂಡವಾಳದ ಮೇಲೆ ವರ್ಷಕ್ಕೆ ಗಳಿಸುತ್ತಿದ್ದದ್ದು ಶೇ. 8. ಇಂಥ ಷೇರಿನ ಅಪಾಯ ಹೊರುವವರು ಕನಿಷ್ಠ ಶೇ. 14 ಬಯಸುತ್ತಾರೆ ಎಂದು ಹಿಡಿದರೆ, ಬೆಳವಣಿಗೆಯನ್ನು ಬದಿಗಿಟ್ಟು ನೋಡಿದಾಗ, ಸಲ್ಲುವ ಪಿ/ಬಿ ಎಂದರೆ 8ನ್ನು 14ರಿಂದ ಭಾಗಿಸಿದ್ದು: 0.57. ತಿದ್ದಿದ 62.50ರ ಮೇಲೂ ಗಳಿಕೆ ಅದೇ ಶೇ. 8 ಎಂದು ಹಿಡಿದರೆ ಅದು ಸುಮಾರು 36 ರೂಪಾಯಿ.

ಬೆಳವಣಿಗೆಯನ್ನು ಸೇರಿಸುವಾಗ ಎರಡೂ ಕಡೆಯಿಂದ ಅದನ್ನು ಕಳೆಯಬೇಕು. ಗಳಿಕೆಯ ದರವಾದ ROEಯಲ್ಲಿ ಬೆಳವಣಿಗೆಯಾದ gಯನ್ನು ಕಳೆದು, ಬಯಸುವ ದರವಾದ COEಯಲ್ಲೂ ಅದನ್ನೇ ಕಳೆದು, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಬೇಕು.

```
P/B = (ROE - g) / (COE - g)
```

ಆ ಬ್ಯಾಂಕು ಶೇ. 5ರಂತೆ ಬೆಳೆದರೆ ಮೇಲೆ 3, ಕೆಳಗೆ 9, ಸಲ್ಲುವ ಪಿ/ಬಿ 0.33ಕ್ಕೆ ಇಳಿಯುತ್ತದೆ. ಇದು ಮಗನಿಗೆ ಒಮ್ಮೆಲೇ ಒಪ್ಪಿಗೆಯಾಗಲಿಲ್ಲ, ಆದರೆ ಲೆಕ್ಕ ಸರಿಯಾಗಿದೆ. ಶೇ. 14 ಬೇಡುವ ಹಣವನ್ನು ಶೇ. 8ಕ್ಕೆ ದುಡಿಸುವ ಬ್ಯಾಂಕು ಬೆಳೆದಷ್ಟೂ ಮಾಲೀಕರಿಗೆ ಲುಕ್ಸಾನು. ಕ್ವಿಂಟಲಿಗೆ ನಷ್ಟವಿರುವ ಗಿರಣಿ ಎರಡನೆಯ ಪಾಳಿ ಓಡಿಸಿದಂತೆ.

ಇ ಬ್ಯಾಂಕಿಗೆ ಅದೇ ಲೆಕ್ಕ ಹಾಕಿದರು. ಬೆಲೆ ಆಗಲೂ ಪುಸ್ತಕದ 1.3 ಪಟ್ಟು. ಎತ್ತಿಡದ ಎನ್‌ಪಿಎ ಕಳೆದರೆ ಪುಸ್ತಕದಿಂದ ನೂರಕ್ಕೆ ಎರಡು ರೂಪಾಯಿ ಮಾತ್ರ ಹೋಗುತ್ತಿತ್ತು. ಗಳಿಕೆ ಶೇ. 16. ಬೆಳವಣಿಗೆ ಶೇ. 8 ಎಂದು ಹಿಡಿದರೆ ಮೇಲೆ 8, ಕೆಳಗೆ 6, ಸಲ್ಲುವ ಪಿ/ಬಿ 1.33. ದುಬಾರಿ ಎಂದು ಬಿಟ್ಟಿದ್ದ ಬ್ಯಾಂಕು ಹೆಚ್ಚುಕಡಿಮೆ ಸರಿಯಾದ ಬೆಲೆಯಲ್ಲಿತ್ತು, ಸೋವಿ ಎಂದು ಕೊಂಡದ್ದು ಸೋವಿಯಾಗಿರಲಿಲ್ಲ.

ತೆಗೆದುಕೊಂಡ ತೀರ್ಮಾನ: 5 ಲಕ್ಷವನ್ನು ಆ ಬ್ಯಾಂಕಿಗೆ ಹಾಕಬಾರದು. ಇದು ಸರಿಯಾಯಿತು. ಆದರೆ ಕೈಯಲ್ಲಿದ್ದ 25,000 ಷೇರುಗಳನ್ನು ಮಾರಲಿಲ್ಲ. "ಲುಕ್ಸಾನ್ದಾಗ ಯಾಕ ಮಾರ್ಬೇಕು, 60 ಬರ್ಲಿ" ಎಂದು ತಂದೆಯೂ ಮಗನೂ ಕೂಡಿಯೇ ನಿಂತರು. ನಮ್ಮ ದೃಷ್ಟಿಯಲ್ಲಿ ಇಡೀ ಪ್ರಕರಣದ ದೊಡ್ಡ ತಪ್ಪು ಇದು. ಅಂದಾಜಿನ ಬೆಲೆ 36 ಎಂದು ತಾವೇ ಬರೆದ ಕಾಗದ ಮೇಜಿನ ಮೇಲಿರುವಾಗ, ಕೊಂಡ ಬೆಲೆಯಾದ 60ನ್ನು ಗುರಿ ಮಾಡಿಕೊಂಡರು. ಕೊಂಡ ಬೆಲೆ ಬ್ಯಾಂಕಿಗೆ ಗೊತ್ತಿಲ್ಲ.

ಆದದ್ದು

ಮುಂದಿನ ಹಣಕಾಸು ವರ್ಷದಲ್ಲಿ ಹೊಂದಿಸಿಕೊಟ್ಟ ಖಾತೆಗಳು ಒಂದೊಂದಾಗಿ ಜಾರಿದವು. ಹಳೆಯ ಎನ್‌ಪಿಎಗಳಿಗೂ ವಯಸ್ಸಾದಂತೆ ಎತ್ತಿಡುವ ಪಾಲು ಏರಿತು. ಖರ್ಚು ಕಳೆದು 700 ಕೋಟಿ ಗಳಿಸಿದ್ದ ಬ್ಯಾಂಕು 1,300 ಕೋಟಿ ಎತ್ತಿಡಬೇಕಾಯಿತು. ಅದರಲ್ಲಿ ಸುಮಾರು 300 ಕೋಟಿ ಪ್ರತಿ ವರ್ಷದ ಮಾಮೂಲಿ ಬಾಬತ್ತು. ಉಳಿದ 1,000 ಕೋಟಿ, ಆಡಿಟರ್ ಅಂದಾಜಿಸಿದ್ದ 700 ಮತ್ತು 240 ಕೋಟಿಗಳ ಮೊತ್ತಕ್ಕೆ ಹತ್ತಿರವೇ ಇತ್ತು. ನಷ್ಟ 600 ಕೋಟಿ. ನಿವ್ವಳ ಮೌಲ್ಯ 3,400 ಕೋಟಿ, ಷೇರಿಗೆ 85 ರೂಪಾಯಿ.

ಆ ವರ್ಷ ಬೆಲೆ ಮತ್ತು ಲಾಭದ ಅನುಪಾತ ನೋಡುವವರಿಗೆ ನೋಡಲು ಏನೂ ಉಳಿಯಲಿಲ್ಲ, ಏಕೆಂದರೆ ಲಾಭವೇ ಇರಲಿಲ್ಲ. ಸಾಲ ಕೊಡುವ ಸಂಸ್ಥೆಗಳಲ್ಲಿ ಒಂದು ವರ್ಷದ ಎತ್ತಿಡುವಿಕೆ ಲಾಭವನ್ನು ಹೀಗೆ ತಲೆಕೆಳಗು ಮಾಡುತ್ತದೆ. ಪುಸ್ತಕ ಮೌಲ್ಯ ಕುಗ್ಗುತ್ತದೆ, ಆದರೆ ಅಳತೆಗೆ ಸಿಗುತ್ತದೆ.

ನಷ್ಟದಿಂದ ಬಂಡವಾಳದ ಪ್ರಮಾಣ ಶೇ. 11.5ರ ಗೆರೆಯ ಹತ್ತಿರ ಬಂತು. ಗೆರೆ ಮುಟ್ಟುವ ಮೊದಲು ಬ್ಯಾಂಕು ದೊಡ್ಡ ಹೂಡಿಕೆದಾರರಿಗೆ 20 ಕೋಟಿ ಹೊಸ ಷೇರುಗಳನ್ನು 40 ರೂಪಾಯಿಯಂತೆ ಮಾರಿ 800 ಕೋಟಿ ಎತ್ತಿತು. 85 ರೂಪಾಯಿಯ ಪುಸ್ತಕವಿರುವ ಷೇರನ್ನು 40ಕ್ಕೆ ಕೊಟ್ಟರೆ ಹಳೆಯ ಷೇರುದಾರರ ಪಾಲು ಹೊಸಬರಿಗೆ ಹರಿದುಹೋಗುತ್ತದೆ. 4,200 ಕೋಟಿಯನ್ನು 60 ಕೋಟಿ ಷೇರುಗಳಿಗೆ ಹಂಚಿದಾಗ ಷೇರಿನ ಪುಸ್ತಕ ಮೌಲ್ಯ 70 ರೂಪಾಯಿಗೆ ಬಂದು ನಿಂತಿತು. ಉಕ್ಕಿನ ಕಂಪನಿ ಕಷ್ಟದಲ್ಲಿದ್ದರೆ ಹೊಸ ಷೇರು ಮಾರುವುದನ್ನು ಮುಂದೂಡಬಹುದು. ಬ್ಯಾಂಕಿಗೆ ಆ ಬಿಡುವಿಲ್ಲ. ಕಡಿಮೆ ಪಿ/ಬಿ ಇರುವ, ಬಂಡವಾಳ ತೆಳುವಾದ ಬ್ಯಾಂಕಿನಲ್ಲಿ ಇದು ಎಲ್ಲಕ್ಕಿಂತ ದೊಡ್ಡ ಅಪಾಯ, ಮತ್ತು ಅನುಪಾತದಲ್ಲಿ ಮೊದಲೇ ಕಾಣುವುದಿಲ್ಲ.

ಷೇರಿನ ಬೆಲೆ 42ಕ್ಕೆ ಇಳಿದಾಗ ಮಗ ಮೊಬೈಲಿನಲ್ಲಿ ಪಿ/ಬಿ ನೋಡಿದರು. 42ನ್ನು 70ರಿಂದ ಭಾಗಿಸಿದರೆ 0.6. ಅವರು ಕೊಂಡ ದಿನ ಇದ್ದದ್ದೂ 0.6. ಅನುಪಾತ ಕೂದಲೆಳೆಯಷ್ಟೂ ಅಲುಗದೆ 15 ಲಕ್ಷ 10.5 ಲಕ್ಷವಾಗಿತ್ತು. ಎರಡನೆಯ ತಿರುವು ಇದು. ಭಾಗಾಕಾರದ ಮೇಲಿನ ಅಂಕಿ ಬದಲಾಗುವುದನ್ನು ದಿನವೂ ನೋಡುತ್ತಿದ್ದವರು ಕೆಳಗಿನ ಅಂಕಿಯೂ ಬದಲಾಗುತ್ತದೆ ಎಂದು ಆ ದಿನ ಕಂಡುಕೊಂಡರು.

ಅ ಕಂಪನಿ ಅದೇ ಹೊತ್ತಿಗೆ ಒಂದು ಕುಲುಮೆಯನ್ನು ಪುಸ್ತಕದಿಂದ ಕಡಿದುಹಾಕಿತು. ಪುಸ್ತಕ ಮೌಲ್ಯ 188ರಿಂದ 130ಕ್ಕೆ, ಬೆಲೆ 75ರಿಂದ 54ಕ್ಕೆ ಬಂತು. ಅಲ್ಲೂ ಪಿ/ಬಿ 0.4ರ ಸುತ್ತಲೇ ಇತ್ತು. ಆದರೆ ಎರಡರ ನಡುವೆ ಒಂದು ವ್ಯತ್ಯಾಸವಿದೆ. ಬ್ಯಾಂಕಿನ ಪುಸ್ತಕ ಕುಗ್ಗುವುದು ವರದಿಯ ಟಿಪ್ಪಣಿಯಲ್ಲಿ ಒಂದು ವರ್ಷ ಮೊದಲೇ ಬರೆದಿತ್ತು. ಕುಲುಮೆಯ 58 ರೂಪಾಯಿ ಹೋಗುತ್ತದೆಂದು ಹೊರಗಿನವರು ಯಾವ ಪುಟದಲ್ಲೂ ಓದುವಂತಿರಲಿಲ್ಲ.

ಮೂರನೆಯ ವರ್ಷದ ಆರಂಭದಲ್ಲಿ ಕುಟುಂಬ ಅ ಕಂಪನಿಯ ಷೇರುಗಳನ್ನು ಪೂರ್ತಿ ಮಾರಿತು, 10.8 ಲಕ್ಷ ಬಂತು. ಆ ಬ್ಯಾಂಕಿನ ಷೇರುಗಳಲ್ಲಿ ಅರ್ಧ ಮಾರಿತು. ಅರ್ಧ ಉಳಿಸಿಕೊಂಡದ್ದಕ್ಕೆ ಈ ಸಲ ಕಾರಣವಿತ್ತು: ಹಳೆಯ ಕೊಳೆ ಬಹುಪಾಲು ತೊಳೆದಾಗಿತ್ತು, ಹೊಸ ಬಂಡವಾಳ ಬಂದಿತ್ತು, ತಿದ್ದಿದ ಪುಸ್ತಕಕ್ಕೂ ಬರೆದ ಪುಸ್ತಕಕ್ಕೂ ಅಂತರ ಕಡಿಮೆಯಾಗಿತ್ತು. ಬಂದ ಹಣದಲ್ಲಿ ಇ ಬ್ಯಾಂಕನ್ನು ಪುಸ್ತಕದ 1.3 ಪಟ್ಟಿಗೆ, 325 ರೂಪಾಯಿಯಂತೆ ಕೊಂಡರು. ಅನುಪಾತ ಅಷ್ಟರಲ್ಲಿ ಏರಿ ಇಳಿದು ಮತ್ತೆ ಅಲ್ಲಿಗೇ ಬಂದಿತ್ತು. ಅದು ಅದೃಷ್ಟ, ಜಾಣತನವಲ್ಲ.

ಎರಡು ವರ್ಷದ ಮೇಲೆ ಇ ಬ್ಯಾಂಕಿನ ಪಿ/ಬಿ 1.2ಕ್ಕೆ ಇಳಿದಿದೆ. ಆದರೆ ಶೇ. 16 ಗಳಿಸಿ, ಒಂದಿಷ್ಟು ಲಾಭಾಂಶ ಕೊಟ್ಟು, ಉಳಿದದ್ದನ್ನು ಮರಳಿ ಹೂಡಿದ್ದರಿಂದ ಪುಸ್ತಕ ಮೌಲ್ಯ 250ರಿಂದ 325ಕ್ಕೆ ಏರಿದೆ. ಬೆಲೆ 390. ಅನುಪಾತ ಇಳಿದರೂ ಲಾಭಾಂಶ ಬಿಟ್ಟು ಶೇ. 20 ಗಳಿಕೆಯಾಗಿದೆ. ಅರ್ಧ ಉಳಿಸಿಕೊಂಡ ಆ ಬ್ಯಾಂಕಿನ ಷೇರು 47ಕ್ಕೆ ಬಂದಿದೆ.

ಇನ್ನೊಬ್ಬರು ಬಳಸುವಾಗ

ಈ ಲೆಕ್ಕದಲ್ಲಿ ದೊಡ್ಡ ಊಹೆ ಇರುವುದು ಎರಡು ಕಡೆ: ಕೆಟ್ಟ ಸಾಲದಲ್ಲಿ ಎಷ್ಟು ಬಂದೀತು, ಮತ್ತು ಬಯಸುವ ದರ ಎಷ್ಟು. ಅರ್ಧ ಬರುತ್ತದೆ ಎಂದು ಹಿಡಿದದ್ದು ಜಾಗ ಕಟ್ಟಡದ ಅಡಮಾನವಿರುವ ಸಾಲಗಳಿಗೆ. ರಾಯಚೂರು ಕೊಪ್ಪಳದ ಹಳ್ಳಿಗಳಲ್ಲಿ ಮಹಿಳಾ ಗುಂಪುಗಳಿಗೆ ಅಡಮಾನವಿಲ್ಲದೆ ಕೊಡುವ ಕಿರುಸಾಲದ ಸಂಸ್ಥೆಗೆ ಅದನ್ನೇ ಹಾಕಿದರೆ ಮೋಸಹೋಗುತ್ತೀರಿ. ಅಲ್ಲಿ ಕೆಟ್ಟ ಸಾಲದಲ್ಲಿ ಬಹುಪಾಲು ಹೋಯಿತೆಂದೇ ಹಿಡಿಯಬೇಕು, ಮತ್ತು ಕೆಡುವಾಗ ಒಂದೊಂದೇ ಖಾತೆ ಕೆಡುವುದಿಲ್ಲ. 2010ರಲ್ಲಿ ಆಂಧ್ರಪ್ರದೇಶ ಸರ್ಕಾರ ಸುಗ್ರೀವಾಜ್ಞೆ ತಂದಾಗ ಆ ರಾಜ್ಯದಲ್ಲಿ ಕಿರುಸಾಲದ ವಸೂಲಿಯೇ ಕುಸಿದುಬಿತ್ತು. 90 ದಿನದ ಎಣಿಕೆ ಎಚ್ಚರಿಕೆ ಕೊಡುವಷ್ಟು ಸಮಯವೂ ಸಿಗಲಿಲ್ಲ. ಇಂಥ ಸಂಸ್ಥೆಯ ಪುಸ್ತಕದ ಜೊತೆಗೆ ಒಂದೇ ರಾಜ್ಯದಲ್ಲಿ ಎಷ್ಟು ಸಾಲ ಕೂತಿದೆ ಎಂದೂ ನೋಡಬೇಕು.

ಬಾಂಡುಗಳ ಬದಿಯಲ್ಲೂ ಇಣುಕಬೇಕು. ಅವಧಿ ಮುಗಿಯುವವರೆಗೆ ಇಟ್ಟುಕೊಳ್ಳುವೆವೆಂದು ಗುರುತಿಸಿದ ಬಾಂಡುಗಳ ಬೆಲೆ ಇಳಿದರೂ ಪುಸ್ತಕದಲ್ಲಿ ಕಾಣುವುದಿಲ್ಲ. ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕು 2023ರ ಮಾರ್ಚ್‌ನಲ್ಲಿ ಮುಳುಗಿದ್ದು ಕೆಟ್ಟ ಸಾಲದಿಂದಲ್ಲ. ಬಡ್ಡಿ ಏರಿ ಬಾಂಡುಗಳ ಬೆಲೆ ಬಿದ್ದಿತ್ತು, ಒಂದಷ್ಟು ಬಾಂಡುಗಳನ್ನು ನಷ್ಟಕ್ಕೆ ಮಾರಿದ್ದು ಗೊತ್ತಾದಾಗ ಠೇವಣಿದಾರರು ಹಣ ತೆಗೆಯಲು ಒಟ್ಟಿಗೆ ಬಂದರು.

ಗಿರಣಿಯ ಕಚೇರಿಯಲ್ಲಿ ಈಗ ಪ್ರತಿ ಬ್ಯಾಂಕಿಗೆ ಒಂದು ಹಾಳೆಯಿದೆ. ಅದರಲ್ಲಿ ಬರೆದ ಪುಸ್ತಕ ಮೌಲ್ಯ, ತಿದ್ದಿದ ಪುಸ್ತಕ ಮೌಲ್ಯ, ಬಂಡವಾಳದ ಮೇಲಿನ ಗಳಿಕೆ, ಶೇ. 11.5ರ ಗೆರೆಯಿಂದ ಎಷ್ಟು ದೂರ ಎಂಬ ನಾಲ್ಕು ಸಾಲು. ಪ್ರತಿ ತ್ರೈಮಾಸಿಕ ಫಲಿತಾಂಶ ಬಂದಾಗ ಮಗ ಅದನ್ನು ತುಂಬುತ್ತಾರೆ. ತ್ರೈಮಾಸಿಕದ ಕಾಗದದಲ್ಲಿ ಸಿಗದ ವಿವರಗಳಿಗೆ ವಾರ್ಷಿಕ ವರದಿ ಬರುವವರೆಗೆ ಕಾಯುತ್ತಾರೆ. ಅದರಲ್ಲಿ ಎನ್‌ಪಿಎ ವಿಷಯದಲ್ಲಿ ಬ್ಯಾಂಕು ಹೇಳಿದ್ದಕ್ಕೂ ರಿಸರ್ವ್ ಬ್ಯಾಂಕಿನ ತಪಾಸಣೆಯಲ್ಲಿ ಕಂಡದ್ದಕ್ಕೂ ದೊಡ್ಡ ವ್ಯತ್ಯಾಸವಿದ್ದರೆ ಅದನ್ನು ತೋರಿಸುವ ಟಿಪ್ಪಣಿಯನ್ನು ಮೊದಲು ಹುಡುಕುತ್ತಾರೆ. ಆ ಬ್ಯಾಂಕಿನ ಉಳಿದ 12,500 ಷೇರುಗಳನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂಬುದು ಈ ಸಲದ ಆ ಟಿಪ್ಪಣಿಯ ಮೇಲಿದೆ.